ಎರಡು ಗಂಟೆಯ ಪಾಠದ ರೆಕಾರ್ಡಿಂಗ್ ಇದೆ, ಪರೀಕ್ಷೆಗೆ ಓದೋ ಮಕ್ಕಳಿಗೆ ತುಂಡು ಮಾಡಿ ಕೊಡೋದು ಹೇಗೆ?

ಠಾಣೆ_ಅಕ್ಕ

ಎಲ್ಲರಿಗೂ ನಮಸ್ಕಾರ. ಠಾಣೆಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ನಾವು ನಾಲ್ಕು ಜನ ಸೇರಿ ಭಾನುವಾರ ಪಾಠ ಮಾಡಿಸುತ್ತೇವೆ. ಒಬ್ಬರು ನಿವೃತ್ತ ಮೇಷ್ಟ್ರು ವಿಜ್ಞಾನ ಭಾಗ 1ರ ಮಸೂರಗಳ ಪಾಠ ಮಾಡಿದರು. ಪೆನ್ ಟ್ಯಾಬ್ಲೆಟಲ್ಲಿ ಬರೆಯುತ್ತಾ ಮಾಡಿದ ಪಾಠ. ಲ್ಯಾಪ್‌ಟಾಪಲ್ಲಿ ಪರದೆ ರೆಕಾರ್ಡ್ ಮಾಡಿಟ್ಟಿದ್ದೇನೆ. ಒಟ್ಟು 1 ಗಂಟೆ 52 ನಿಮಿಷ.

ಪರೀಕ್ಷೆ ಹತ್ತಿರ ಬಂತು. ಇಡೀ ವೀಡಿಯೊ ಮತ್ತೆ ನೋಡೋಕೆ ಮಕ್ಕಳಿಗೆ ಪುರುಸೊತ್ತಿಲ್ಲ. ಅದಕ್ಕೆ ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಗ್ರೂಪಿಗೆ ಹಾಕಿದೆ. ಒಂದು ಹುಡುಗಿ ಬಂದು, "ಟೀಚರ್, ಏಳನೇದು ಲೆಕ್ಕದ ಮಧ್ಯದಿಂದ ಶುರುವಾಗುತ್ತೆ, ಪ್ರಶ್ನೆ ಏನು ಅಂತಲೇ ಗೊತ್ತಾಗಲ್ಲ" ಅಂದಳು. ಇನ್ನೊಬ್ಬ, ಶುರುವಿನಲ್ಲಿ ಚಿತ್ರ ನಿಂತಲ್ಲೇ ನಿಂತು ಬರೀ ಮಾತು ಕೇಳುತ್ತೆ ಅಂದ. ಈ ಎರಡಕ್ಕೂ ಏನು ಮಾಡಬೇಕು ಅಂತ ಗೊತ್ತಿರುವವರು ಹೇಳಿ.

ವಾಸ್ಕೋ_ಹುಡುಗ

ಅಕ್ಕ, ಕೈಯಲ್ಲಿ ಕತ್ತರಿಸೋದು ಯಾಕೆ? ಮೇಷ್ಟ್ರು ಒಂದು ವಿಷಯ ಮುಗಿಸಿದ ಮೇಲೆ ಸ್ವಲ್ಪ ಸುಮ್ಮನಾಗುತ್ತಾರೆ ಅಲ್ವಾ, ಆ ಜಾಗ ಹುಡುಕಿದರೆ ಸಾಕು. ffmpeg ಅನ್ನೋ ಸಾಫ್ಟ್‌ವೇರ್ ಇದ್ದರೆ ಒಂದು ಸಾಲು:

```
ffmpeg -i lens.mp4 -af silencedetect=noise=-30dB:d=3 -f null -
```

ಮೂರು ಸೆಕೆಂಡಿಗಿಂತ ಜಾಸ್ತಿ ಮೌನ ಎಲ್ಲೆಲ್ಲಿದೆ ಅಂತ ತೋರಿಸುತ್ತದೆ. ಅಲ್ಲೇ ಕತ್ತರಿಸಿ. ಆಮೇಲೆ ಯಾವ ತುಂಡೂ ಆರು ನಿಮಿಷ ದಾಟಬಾರದು. ಅದಕ್ಕೆ ಸಂಶೋಧನೆಯೇ ಇದೆ.

ಠಾಣೆ_ಅಕ್ಕ

ಓಡಿಸಿದೆ ತಮ್ಮಾ. ನಲವತ್ತಕ್ಕಿಂತ ಜಾಸ್ತಿ ಜಾಗ ತೋರಿಸಿತು. ನೋಡಿದರೆ ಮುಕ್ಕಾಲು ಪಾಲು ಅವರು ಲೆಕ್ಕ ಬರೆಯುತ್ತಾ ಸುಮ್ಮನಿದ್ದ ಹೊತ್ತು. ವಿಷಯ ಬದಲಾಗುವ ಕಡೆ ಅವರು ನಿಲ್ಲಿಸೋದೇ ಇಲ್ಲ. "ಸರಿ, ಈಗ ಮಸೂರದ ಶಕ್ತಿ ಅಂದ್ರೇನು ನೋಡೋಣ" ಅಂತ ಒಂದೇ ಉಸಿರಲ್ಲಿ ಮುಂದಕ್ಕೆ ಹೋಗುತ್ತಾರೆ.

ಮಾಟುಂಗಾ_ಮೇಷ್ಟ್ರು

ಹೌದಮ್ಮ, ಬೋರ್ಡಿನ ಮುಂದೆ ನಿಂತವರ ಮೌನ ಅಂದರೆ ಕೈ ಕೆಲಸ ಮಾಡುತ್ತಿದೆ ಅಂತ. ಅದು ಪಾಠದ ನಡುವೆಯೇ ಬರುತ್ತದೆ.

ಆರು ನಿಮಿಷದ ಮಾತನ್ನೂ ಸ್ವಲ್ಪ ಸರಿಯಾಗಿ ಹೇಳಬೇಕು. ಅದು ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳ ವೀಡಿಯೊ ನೋಡಿದ ದಾಖಲೆ ಇಟ್ಟುಕೊಂಡು ಬರೆದದ್ದು. ಜನ ಒಂದು ವೀಡಿಯೊ ಮುಂದೆ ಎಷ್ಟು ಹೊತ್ತು ಕೂರುತ್ತಾರೆ ಅಂತ ಅವರು ನೋಡಿದರು. ಆರು ನಿಮಿಷದ ಮೇಲೆ ಅದು ಏರಲಿಲ್ಲ. ಪರೀಕ್ಷೆಗೆ ಮುಂಚೆ ಒಂದೇ ಒಂದು ಸಂದೇಹ ತೀರಿಸಿಕೊಳ್ಳೋಕೆ ಬರುವ ಹುಡುಗನ ವಿಷಯ ಅದಲ್ಲ. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ: ಕ್ಲಾಸಿನಲ್ಲಿ ಮಾಡಿದ ಉದ್ದದ ಪಾಠವನ್ನು ಸುಮ್ನೆ ಕತ್ತರಿಸಿ ಹಾಕಿದರೆ, ಚಿಕ್ಕದಾಗಿಯೇ ಯೋಚಿಸಿ ಮಾಡಿದ ವೀಡಿಯೊದಷ್ಟು ಅದು ಜನರನ್ನು ಹಿಡಿದಿಡುವುದಿಲ್ಲ. ಅಂದರೆ ಕತ್ತರಿ ಹಾಕುವವರ ಕೆಲಸ ಗಡಿಯಾರ ನೋಡೋದರಲ್ಲಿ ಮುಗಿಯೋಲ್ಲ.

ಚಿಂಚವಡ_ಅಮ್ಮ

ನಮ್ಮ ಮನೆಯದೂ ಇದೇ ಗೋಳು. ಮಗ ಪುಣೆಯಲ್ಲಿ ಕೋಚಿಂಗ್‌ಗೆ ಹೋಗುತ್ತಾನೆ. ಮೂರು ಮೂರು ಗಂಟೆಯ ಪಾಠ, ಅವರ ಆಪ್‌ನಲ್ಲೇ ನೋಡಬೇಕು, ಡೌನ್‌ಲೋಡ್ ಆಗೋಲ್ಲ. ಅದನ್ನು ಹೇಗೆ ಇಳಿಸಿಕೊಂಡು ಕತ್ತರಿಸೋದು?

ಕತ್ತರಿ_ಕೈ

ಅಮ್ಮ, ಅದು ಬೇರೆಯವರ ಪಾಠ, ಇಳಿಸಿಕೊಳ್ಳೋಕೆ ಹೋಗಬೇಡಿ. ಮಗನಿಗೆ ಒಂದು ನೋಟ್‌ಬುಕ್ ಕೊಡಿ. ಯಾವ ಲೆಕ್ಕ ಎಷ್ಟನೇ ನಿಮಿಷದಲ್ಲಿ ಬಂತು ಅಂತ ನೋಡುವಾಗಲೇ ಬರೆದುಕೊಳ್ಳಲಿ. ಆಮೇಲೆ ನೇರ ಆ ನಿಮಿಷಕ್ಕೆ ಹೋದರಾಯಿತು.

ಠಾಣೆ ಅಕ್ಕ, ನಾನು ಪುಣೆಯಲ್ಲಿ ಒಂದು ಕಾಲೇಜಿಗೆ ಪಾಠದ ವೀಡಿಯೊ ಎಡಿಟ್ ಮಾಡುತ್ತೇನೆ. ಎಂಟು ವರ್ಷ ಆಯಿತು. ಮೊದಲು ಚಿತ್ರ ನಿಲ್ಲುವ ವಿಷಯ ಹೇಳಿಬಿಡುತ್ತೇನೆ. ನೀವು `-c copy` ಹಾಕಿ ಕತ್ತರಿಸಿದ್ದೀರಿ ಅನಿಸುತ್ತದೆ. ಹೌದಾ?

ಠಾಣೆ_ಅಕ್ಕ

ಹೌದು. ಬೇಗ ಆಗುತ್ತೆ ಅಂತ ಯಾರೋ ಹೇಳಿದ್ದರು. ನಿಜವಾಗಿಯೂ ಎರಡೇ ಸೆಕೆಂಡಿಗೆ ಆಯಿತು.

ಕತ್ತರಿ_ಕೈ

ಬೇಗ ಆಗೋದು ಯಾಕೆ ಅಂದರೆ ಅದು ವೀಡಿಯೊ ಬಿಚ್ಚುವುದೇ ಇಲ್ಲ, ಇದ್ದದ್ದನ್ನು ಹಾಗೇ ಎತ್ತಿಡುತ್ತದೆ. ವೀಡಿಯೊದಲ್ಲಿ ಪೂರ್ತಿ ಚಿತ್ರ ಆಗಾಗ ಮಾತ್ರ ಬರುತ್ತದೆ. ನಾವು ಅದನ್ನು ಕೀಫ್ರೇಮ್ ಅನ್ನುತ್ತೇವೆ. ನಡುವೆ ಇರುವುದೆಲ್ಲ ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು ಅನ್ನುವ ಲೆಕ್ಕ ಅಷ್ಟೇ. ನೀವು ಎರಡು ಕೀಫ್ರೇಮ್ ನಡುವೆ ಕತ್ತರಿಸಿದರೆ ಶುರುವಿಗೆ ಪೂರ್ತಿ ಚಿತ್ರವೇ ಇಲ್ಲ. ಒಂದು ಪ್ಲೇಯರ್ ಸ್ವಲ್ಪ ಹಿಂದಿನಿಂದ ತೋರಿಸುತ್ತದೆ, ಇನ್ನೊಂದು ಮುಂದಿನ ಕೀಫ್ರೇಮ್ ಬರುವವರೆಗೆ ಕಪ್ಪಾಗಿಯೋ ನಿಂತೋ ಇರುತ್ತದೆ. ಅದಕ್ಕೇ ನಿಮ್ಮ ಲ್ಯಾಪ್‌ಟಾಪಲ್ಲಿ ಸರಿ ಕಂಡದ್ದೂ ಹುಡುಗನ ಫೋನಲ್ಲಿ ಕೆಟ್ಟಿರಬಹುದು. ಫೋನ್ ಕ್ಯಾಮೆರಾದ ವೀಡಿಯೊದಲ್ಲಿ ಕೀಫ್ರೇಮ್ ಸಾಮಾನ್ಯವಾಗಿ ಹತ್ತಿರ ಹತ್ತಿರ ಇರುತ್ತದೆ, ಅಷ್ಟು ಗೊತ್ತಾಗೋಲ್ಲ. ಪರದೆ ರೆಕಾರ್ಡಿಂಗಲ್ಲಿ ಎಂಟು ಹತ್ತು ಸೆಕೆಂಡ್ ದೂರ ಇರುವುದೂ ಉಂಟು.

ನಿಮಗೆ ಹೊಸದಾಗಿ ಎನ್‌ಕೋಡ್ ಮಾಡಿಸುವುದೇ ಸರಿ. ಹೊತ್ತು ಹಿಡಿಯುತ್ತದೆ, ಆದರೆ ಹೇಳಿದ ಕ್ಷಣದಲ್ಲೇ ಶುರುವಾಗುತ್ತದೆ:

```
ffmpeg -ss 00:38:10 -to 00:44:30 -i lens.mp4 -c:v libx264 -crf 23 -c:a aac 04a.mp4
```

`-ss` ಮತ್ತು `-to` ಎರಡೂ `-i`ಗಿಂತ ಮುಂಚೆ ಇರಲಿ. `-ss` ಮುಂದೆ, `-to` ಹಿಂದೆ ಆದರೆ ಎಣಿಕೆ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಆರು ನಿಮಿಷದ ತುಂಡು ಕೇಳಿದರೆ 44 ನಿಮಿಷ 30 ಸೆಕೆಂಡಿನದು ಬರುತ್ತದೆ. ಕತ್ತರಿಸಿದ್ದು ಯಾಕೋ ತುಂಬಾ ಉದ್ದ ಬಂತು ಅಂದರೆ ಮೊದಲು ಇದನ್ನೇ ನೋಡಿ.

ವಾಸ್ಕೋ_ಹುಡುಗ

ಅಯ್ಯೋ, ನನಗೆ ಇದೇ ಆಗಿತ್ತು! ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಹೆಣಗಾಡಿದ್ದೆ.

ಡೊಂಬಿವಲಿ_ಲೋಕಲ್

ಇಷ್ಟೆಲ್ಲ ಯಾಕೆ ಮಾರಾಯ್ರೇ? ಯೂಟ್ಯೂಬಿಗೆ ಹಾಕಿ, ಕೆಳಗೆ ಸಮಯ ಬರೆದರೆ ಅದೇ ಭಾಗ ಮಾಡಿ ತೋರಿಸುತ್ತದೆ. ಕತ್ತರಿಯೇ ಬೇಡ.

ಕತ್ತರಿ_ಕೈ

ಅದು ಒಳ್ಳೆಯ ದಾರಿಯೇ. ಪಟ್ಟಿ `0:00`ರಿಂದ ಶುರುವಾಗಬೇಕು, ಕನಿಷ್ಠ ಮೂರು ಭಾಗ ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಮ್ಮಿ ಇರಬಾರದು. ಮೊದಲ ಸಾಲು `0:00` ಇಲ್ಲದೆ ಎಷ್ಟೋ ಜನರ ಪಟ್ಟಿ ಕೆಲಸ ಮಾಡೋಲ್ಲ.

ಠಾಣೆ_ಅಕ್ಕ

ಯೋಚಿಸಿದೆ ಅಣ್ಣ. ನಮ್ಮ ಮಕ್ಕಳಲ್ಲಿ ಅರ್ಧ ಜನರಿಗೆ ಸ್ವಂತ ಫೋನ್ ಇಲ್ಲ. ಅಪ್ಪ ಹೋಟೆಲಿಂದ ರಾತ್ರಿ ಹನ್ನೊಂದಕ್ಕೆ ಬಂದ ಮೇಲೆ ಫೋನ್ ಸಿಗುತ್ತದೆ. ಅಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತದೆ. ಸಂಘದ ಕೋಣೆಯಲ್ಲಿ ವೈಫೈ ಇದೆ, ಭಾನುವಾರ ಅಲ್ಲಿ ಇಳಿಸಿಕೊಂಡು ಹೋಗುತ್ತಾರೆ. ಅದಕ್ಕೆ ಫೈಲೇ ಬೇಕು, ಅದೂ ಚಿಕ್ಕದು.

ಡೊಂಬಿವಲಿ_ಲೋಕಲ್

ಸರಿ ಸರಿ, ಅರ್ಥ ಆಯಿತು. ಹಾಗಾದರೆ ಆಡಿಯೊ ಮಾತ್ರ ಕೊಡಿ. ನಾನು ಸಿಎ ಓದುವಾಗ ಕಲ್ಯಾಣ ಫಾಸ್ಟ್ ರೈಲಲ್ಲಿ ನಿಂತುಕೊಂಡೇ ಎಷ್ಟೋ ಪಾಠ ಕೇಳಿದ್ದೇನೆ. ವೀಡಿಯೊ ನೋಡೋಕೆ ಕೈ ಎತ್ತೋಕೂ ಜಾಗ ಇರುತ್ತಿರಲಿಲ್ಲ.

ಮಾಟುಂಗಾ_ಮೇಷ್ಟ್ರು

ನಿಮ್ಮ ಸಿಎಯ ಕಾನೂನಿನ ಪಾಠಕ್ಕೆ ನಡೆದೀತು. ಕಿರಣ ಚಿತ್ರದಲ್ಲಿ "ಇಲ್ಲಿಂದ ಹೀಗೆ ಹೋಗಿ ಇಲ್ಲಿ ಸೇರುತ್ತೆ" ಅಂದರೆ ಕಿವಿಗೆ ಏನು ತಿಳಿಯುತ್ತದೆ ಹೇಳಿ.

ಠಾಣೆಯವರೇ, ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಕತ್ತರಿಸೋದನ್ನು ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಂಡು ಇಡೀ ಪಾಠವನ್ನು ಒಂದೂವರೆ ವೇಗದಲ್ಲಿ ಒಮ್ಮೆ ನೋಡಿ. ಎಷ್ಟನೇ ನಿಮಿಷದಲ್ಲಿ ಏನು ನಡೆಯಿತು ಅಂತ ಬರೆಯಿರಿ. ಮೇಷ್ಟ್ರ ಮಾತು ಬರೆಯಬೇಡಿ. ಇದನ್ನು ನೋಡಿದ ಹುಡುಗ ಯಾವ ಪ್ರಶ್ನೆಗೆ ಉತ್ತರ ಬರೆಯಬಲ್ಲ ಅನ್ನುವುದನ್ನು ಬರೆಯಿರಿ. ಒಂದು ಪ್ರಶ್ನೆ ಒಂದು ತುಂಡು. ಅದು ನಾಲ್ಕು ನಿಮಿಷವಾಗಲಿ ಹನ್ನೊಂದಾಗಲಿ. ಬರೆದು ಇಲ್ಲಿ ಹಾಕಿ, ನೋಡೋಣ.

ಠಾಣೆ_ಅಕ್ಕ

ಎರಡು ರಾತ್ರಿ ಕೂತು ಬರೆದೆ, ಮೇಷ್ಟ್ರೇ. ಮೊದಲ ಏಳು ನಿಮಿಷ ಹಾಜರಿ, ಮೈಕ್ ಸರಿ ಮಾಡಿದ್ದು, ಅದು ಬೇಡ. ಮಸೂರದ ವಿಧ, ಕಿರಣದ ನಿಯಮ, ಪ್ರತಿಬಿಂಬ ಎಲ್ಲಿ ಬೀಳುತ್ತೆ, ಇವೆಲ್ಲ ನೀಟಾಗಿ ಬಂದವು. ತೊಂದರೆ ಇರೋದು ಚಿಹ್ನೆಯ ನಿಯಮದಲ್ಲಿ. ಅಂದರೆ ಯಾವ ದೂರಕ್ಕೆ ಪ್ಲಸ್, ಯಾವುದಕ್ಕೆ ಮೈನಸ್ ಅನ್ನೋದು.

38:10ರಿಂದ 44:30ರವರೆಗೆ ನಿಯಮ ಹೇಳಿದ್ದಾರೆ. ಆಮೇಲೆ ಸೂತ್ರ, ಲೆಕ್ಕ. 1:22:05ಕ್ಕೆ ಒಬ್ಬ ಹುಡುಗ ಎದ್ದು, "ಸರ್, ವಸ್ತು ಯಾವಾಗಲೂ ಎಡಗಡೆ ಇರುತ್ತಲ್ಲ, ಹಾಗಾದ್ರೆ u ಯಾವಾಗಲೂ ಮೈನಸ್ಸಾ?" ಅಂತ ಕೇಳುತ್ತಾನೆ. ಅದಕ್ಕೆ ಅವರು ಎರಡೂವರೆ ನಿಮಿಷ ಕೊಟ್ಟ ಉತ್ತರ ಮೊದಲಿನ ಆರು ನಿಮಿಷಕ್ಕಿಂತ ಚೆನ್ನಾಗಿದೆ. ಆದರೆ ಅದು ಶಕ್ತಿಯ ಪಾಠಕ್ಕೆ ಅಂಟಿಕೊಂಡಿದೆ. ಅದನ್ನು ಎಲ್ಲಿ ಇಡಲಿ?

ಮಾಟುಂಗಾ_ಮೇಷ್ಟ್ರು

ಸೇರಿಸಿ! ಎರಡನ್ನೂ ಒಂದೇ ತುಂಡು ಮಾಡಿ. ಪಾಠ ಸಾಲಾಗಿ ನಡೆಯೋದಿಲ್ಲ, ಹುಡುಗರ ಪ್ರಶ್ನೆಯಿಂದ ಹಿಂದೆ ಮುಂದೆ ಹೋಗುತ್ತದೆ. ವಿಷಯವಾರು ಅಂದರೆ ಒಂದು ವಿಷಯ ಪಾಠದಲ್ಲಿ ಎಲ್ಲೆಲ್ಲಿ ಬಂದಿದೆಯೋ ಅದನ್ನೆಲ್ಲ ಒಂದು ಕಡೆ ತರೋದು.

ಕತ್ತರಿ_ಕೈ

ಎರಡನ್ನೂ ಮೇಲಿನ ಸಾಲಿನಂತೆಯೇ, ಒಂದೇ ಸೆಟ್ಟಿಂಗಲ್ಲಿ ಕತ್ತರಿಸಿ. `04a.mp4` 6:20 ಆಗುತ್ತದೆ, `04b.mp4` 1:22:05ರಿಂದ 1:24:40, ಅಂದರೆ 2:35. ಒಂದು `list.txt` ಮಾಡಿ:

```
file '04a.mp4'
file '04b.mp4'
```

ಆಮೇಲೆ

```
ffmpeg -f concat -safe 0 -i list.txt -c copy 04.mp4
```

ಇಲ್ಲಿ copy ಪರವಾಗಿಲ್ಲ, ಎರಡೂ ಒಂದೇ ಥರ ಎನ್‌ಕೋಡ್ ಆಗಿವೆ, ಎರಡೂ ಕೀಫ್ರೇಮಿಂದಲೇ ಶುರುವಾಗುತ್ತವೆ. ಒಟ್ಟು 8:55 ಬರಬೇಕು. ಬಂದದ್ದು ಅದಕ್ಕಿಂತ ಬಹಳ ಬೇರೆ ಇದ್ದರೆ ಎಲ್ಲೋ ತಪ್ಪಾಗಿದೆ ಅಂತ. ಜೋಡಿಸಿದ ಜಾಗದಲ್ಲಿ ಹತ್ತು ಸೆಕೆಂಡ್ ಆಚೆ ಈಚೆ ಕಿವಿಯಿಟ್ಟು ಕೇಳಿ.

ಕಾಂದಿವಲಿ_ಟೀಚರ್

ಒಂದು ಮಾತು. ಆ ಹುಡುಗನ ಧ್ವನಿ ತುಂಡಿನಲ್ಲಿ ಉಳಿಯುತ್ತೆ. ಮೇಷ್ಟ್ರು ಅವನ ಹೆಸರು ಹಿಡಿದು ಕರೆದಿದ್ದಾರಾ? ಎರಡು ಗಂಟೆಯ ವೀಡಿಯೊ ಯಾರೂ ಹೊರಗೆ ಕಳಿಸೋಲ್ಲ. ಒಂಬತ್ತು ನಿಮಿಷದ್ದು ಊರೆಲ್ಲ ಹೋಗುತ್ತೆ. ನಾನು ಹೀಗೆ ಹಾಕಿದ ಒಂದು ತುಂಡಿನಲ್ಲಿ ಹುಡುಗಿಯೊಬ್ಬಳು ತಪ್ಪು ಉತ್ತರ ಹೇಳಿದ್ದಳು. ಬೇರೆ ಶಾಲೆಯ ಮಕ್ಕಳು ಅದನ್ನೇ ಹೇಳಿ ರೇಗಿಸಿದರು. ಅವಳು ಎರಡು ವಾರ ಕ್ಲಾಸಿಗೆ ಬರಲಿಲ್ಲ. ಮನೆಗೆ ಹೋಗಿ ಅವಳ ಅಮ್ಮನ ಹತ್ತಿರ ಮಾತಾಡಿ ಕರೆದುಕೊಂಡು ಬಂದೆ. ಅವತ್ತಿಂದ ಮಗುವನ್ನೂ ಮನೆಯವರನ್ನೂ ಕೇಳದೆ ಹಾಕೋದಿಲ್ಲ.

ಠಾಣೆ_ಅಕ್ಕ

ಇದು ನನಗೆ ಹೊಳೆದೇ ಇರಲಿಲ್ಲ, ಟೀಚರ್. ಹೆಸರು ಹಿಡಿದು ಕರೆದಿದ್ದಾರೆ. ಈ ಭಾನುವಾರ ಅವನನ್ನೂ ಅವನ ಅಮ್ಮನನ್ನೂ ಕೇಳುತ್ತೇನೆ. ಒಪ್ಪದಿದ್ದರೆ ಅವನ ಪ್ರಶ್ನೆಯನ್ನು ಬಿಟ್ಟು, ಅದನ್ನು ಅಕ್ಷರದಲ್ಲಿ ತೋರಿಸಿ, ಮೇಷ್ಟ್ರ ಉತ್ತರದಿಂದ ಶುರು ಮಾಡುತ್ತೇನೆ.

ಇನ್ನೊಂದು ಸಿಕ್ಕಿತು. 1:12:40ಕ್ಕೆ ಒಂದು ಲೆಕ್ಕ. ಪೀನ ಮಸೂರ, ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ. ಮೇಷ್ಟ್ರು ಮಾತಾಡುತ್ತಾ u ಜಾಗಕ್ಕೆ +30 ಬರೆದುಬಿಟ್ಟಿದ್ದಾರೆ. ಉತ್ತರ 12 ಸೆಂ.ಮೀ. ಬಂತು. 1:16:20ಕ್ಕೆ ತಾವೇ ನೋಡಿ, ತಪ್ಪಾಯ್ತು ಅಂತ ತಿದ್ದಿದ್ದಾರೆ. ನನ್ನ ಮೊದಲ ಸಲದ ಹತ್ತು ನಿಮಿಷದ ತುಂಡಿನಲ್ಲಿ ಈ ತಿದ್ದುಪಡಿಯೂ ಸೇರಿತ್ತು. ಈ ಸಲ ಲೆಕ್ಕ ಮುಗಿದ ಕಡೆ ಅಂತ 1:16:00ಕ್ಕೆ ಗುರುತು ಹಾಕಿದ್ದೆ. ಇಪ್ಪತ್ತು ಸೆಕೆಂಡ್ ಹೆಚ್ಚುಕಮ್ಮಿ ಆಗಿ ತಪ್ಪು ಉತ್ತರ ಮಾತ್ರ ಮಕ್ಕಳ ಕೈಗೆ ಹೋಗುತ್ತಿತ್ತು!

ಕತ್ತರಿ_ಕೈ

ಅಬ್ಬಾ. ಹೀಗಾಗುತ್ತದೆ ಅಂತಲೇ ನಾನು ಎಲ್ಲಿ ಕತ್ತರಿಸಿದರೂ ಅದರ ಮುಂದಿನ ಎರಡು ಮೂರು ನಿಮಿಷ ಕೇಳುತ್ತೇನೆ. "ಅಲ್ಲಲ್ಲ", "ಒಂದು ನಿಮಿಷ", "ಹಿಂದೆ ಹೋಗೋಣ", ಈ ಮಾತು ಬಂದರೆ ಅಲ್ಲಿ ತಿದ್ದುಪಡಿ ಇದೆ ಅಂತ ಅರ್ಥ. ಮೇಷ್ಟ್ರು ಆಮೇಲೆ ತಿದ್ದಿದ ತಪ್ಪು, ತಿದ್ದುಪಡಿ ಇಲ್ಲದೆ ತುಂಡಿನಲ್ಲಿ ಉಳಿದುಬಿಟ್ಟರೆ ಹುಡುಗ ಅದನ್ನೇ ಬಾಯಿಪಾಠ ಮಾಡುತ್ತಾನೆ.

1:12:40ರ ತಪ್ಪು ಭಾಗ ತೆಗೆದು, ತಿದ್ದಿದ ಮೇಲಿನ ಲೆಕ್ಕ ಮಾತ್ರ ಇಡಿ. ಪರೀಕ್ಷೆಯ ಹಿಂದಿನ ದಿನ ಕಣ್ಣಿಗೆ ತಪ್ಪು ಸಾಲು ಬೀಳಬಾರದು.

ಮಾಟುಂಗಾ_ಮೇಷ್ಟ್ರು

ನಾನು ಒಪ್ಪೋದಿಲ್ಲ. ಮೇಷ್ಟ್ರಿಗೆ ತಪ್ಪು ಹೇಗೆ ಗೊತ್ತಾಯಿತು, ಠಾಣೆಯವರೇ?

ಠಾಣೆ_ಅಕ್ಕ

"12 ಅಂದರೆ ಸಂಗಮ ಬಿಂದುವಿಗಿಂತ ಒಳಗೆ ಬಂತು. ನಿಜ ಪ್ರತಿಬಿಂಬ ಅಲ್ಲಿ ಬೀಳೋಕೆ ಸಾಧ್ಯವಿಲ್ಲ" ಅಂದರು. ಆಮೇಲೆ u ಗೆ −30 ಹಾಕಿ ಮಾಡಿದರು. 60 ಸೆಂ.ಮೀ. ಬಂತು. "ವಸ್ತು 20ಕ್ಕೂ 40ಕ್ಕೂ ನಡುವೆ ಇದೆ, ಹಾಗಾಗಿ ಪ್ರತಿಬಿಂಬ 40ರ ಆಚೆ ಇರಲೇಬೇಕು, 60 ಸರಿ" ಅಂತ ತಾಳೆ ನೋಡಿದರು.

ಮಾಟುಂಗಾ_ಮೇಷ್ಟ್ರು

ನೋಡಿ! ಇಡೀ ಪಾಠದಲ್ಲಿ ಇದಕ್ಕಿಂತ ಬೆಲೆಬಾಳುವ ನಾಲ್ಕು ನಿಮಿಷ ಇರಲಿಕ್ಕಿಲ್ಲ. ಮೂವತ್ತೊಂದು ವರ್ಷ ನಾನು ಉತ್ತರಪತ್ರಿಕೆ ತಿದ್ದಿದ್ದೇನೆ. ಈ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪು ಇದೇ, u ಗೆ ಪ್ಲಸ್ ಹಾಕೋದು. ಉತ್ತರ ನೋಡಿ ತಪ್ಪು ಹಿಡಿಯೋದು ಹೇಗೆ ಅಂತ ಮೇಷ್ಟ್ರು ತೋರಿಸಿದ್ದಾರೆ. ಅದನ್ನೇ ಕತ್ತರಿಸಿ ಎಸೆದರೆ ಏನು ಉಳಿಯಿತು?

ಕತ್ತರಿ_ಕೈ

ಪೂರ್ತಿ ನೋಡಿದವರಿಗೆ ನಿಮ್ಮ ಮಾತು ಸರಿ, ಸರ್. ಆದರೆ ತುಂಡನ್ನು ಮಕ್ಕಳು ಪೂರ್ತಿ ನೋಡೋಲ್ಲ. ಎರಡು ನಿಮಿಷ ನೋಡಿ, ಹಾಂ ಗೊತ್ತಾಯಿತು ಅಂತ ಮುಚ್ಚುತ್ತಾರೆ. ಆಗ ತಲೆಯಲ್ಲಿ ಉಳಿಯೋದು +30.

ಕಾಂದಿವಲಿ_ಟೀಚರ್

ಮೂಲೆಯಲ್ಲಿ "ಇಲ್ಲೊಂದು ತಪ್ಪಿದೆ, ಹುಡುಕಿ" ಅಂತ ಅಕ್ಷರ ಹಾಕಿದರೆ? ತಪ್ಪು ಬರೆದ ಕ್ಷಣದಿಂದ ತಿದ್ದುವವರೆಗೂ ಅದು ಪರದೆ ಮೇಲೆ ಇರಲಿ.

ಮಾಟುಂಗಾ_ಮೇಷ್ಟ್ರು

ಅದಾದರೆ ಒಪ್ಪುತ್ತೇನೆ.

ಕತ್ತರಿ_ಕೈ

ನನಗೆ ಇನ್ನೂ ಸಮಾಧಾನ ಇಲ್ಲ. ಆದರೂ ಮಾಡಿಕೊಡುತ್ತೇನೆ, ಅಕ್ಕ ಫೈಲ್ ಕಳಿಸಿ.

ವಾಸ್ಕೋ_ಹುಡುಗ

ನನ್ನ ಚಿಕ್ಕ ಪ್ರಶ್ನೆ. ಒಂದು ತುಂಡಿಗೆ ಇನ್ನೊಂದು ಬೇಕಾಗಿದ್ದರೆ? ಕಣ್ಣಿನ ದೋಷದ ಭಾಗದಲ್ಲಿ ಶಕ್ತಿಯ ಲೆಕ್ಕ ಬರುತ್ತಲ್ಲ.

ಠಾಣೆ_ಅಕ್ಕ

ಸರಿಯಾಗಿ ಹಿಡಿದೆ. ದೂರದೃಷ್ಟಿಯ ಲೆಕ್ಕ ಇದೆ. ಒಬ್ಬರಿಗೆ 1 ಮೀಟರಿಗಿಂತ ಹತ್ತಿರದ್ದು ಸ್ಪಷ್ಟ ಕಾಣೋಲ್ಲ, 25 ಸೆಂ.ಮೀ.ನಲ್ಲಿ ಪುಸ್ತಕ ಓದಬೇಕು, ಎಂಥ ಕನ್ನಡಕ ಬೇಕು? ಮೇಷ್ಟ್ರು u −25, v −100 ಅಂತ ನೇರವಾಗಿ ಬರೆದು +3 ಡಯಾಪ್ಟರ್ ಅಂತ ಉತ್ತರ ತಂದಿದ್ದಾರೆ. v ಯಾಕೆ ಮೈನಸ್ ಅಂತ ಅಲ್ಲಿ ಹೇಳಿಲ್ಲ. ಪ್ರತಿಬಿಂಬ ವಸ್ತುವಿನ ಬದಿಯಲ್ಲೇ ಇರುವಾಗ ಮೈನಸ್ ಅಂತ 41ನೇ ನಿಮಿಷದಲ್ಲಿ ಹೇಳಿಯಾಗಿತ್ತು.

ಕತ್ತರಿ_ಕೈ

ಆ ಒಂದು ವಾಕ್ಯ ಇರುವ ಇಪ್ಪತ್ತು ಸೆಕೆಂಡನ್ನು 41ನೇ ನಿಮಿಷದಿಂದ ತಂದು ಇದರ ಮುಂದೆ ಅಂಟಿಸಿ. ಇಡೀ ನಾಲ್ಕನೇ ತುಂಡು ಮತ್ತೆ ಹಾಕಬೇಡಿ. ಫೈಲಿನ ಹೆಸರಲ್ಲೂ ಹೇಳಿ, `09-dooradrishti-04-nantara.mp4` ಅನ್ನೋ ಹಾಗೆ. ಒಂಬತ್ತರ ಮುಂದೆ ಸೊನ್ನೆ ಬಿಡಬೇಡಿ, ಇಲ್ಲದಿದ್ದರೆ ಕೆಲವು ಫೋನಲ್ಲಿ 10 ಬಂದು 2ಕ್ಕಿಂತ ಮೇಲೆ ಕೂರುತ್ತದೆ.

ವಾಟ್ಸಾಪಲ್ಲಿ ಕಳಿಸುವಾಗ ವೀಡಿಯೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ವೀಡಿಯೊ ಅಂತ ಹಾಕಿದರೆ ಅದು ಮತ್ತೆ ಹಿಂಡುತ್ತದೆ, ಮೈನಸ್ ಗೆರೆ ಮಸುಕಾಗುತ್ತದೆ. ಈ ಪಾಠದಲ್ಲಿ ಆ ಗೆರೆ ಕಾಣದಿದ್ದರೆ ಕಷ್ಟ.

ಚಿಂಚವಡ_ಅಮ್ಮ

ಮಗನಿಗೆ ನೋಟ್‌ಬುಕ್ ಕೊಟ್ಟೆ. ನಿನ್ನೆ ಮೊದಲ ಸಲ ನಿಮಿಷ ಬರೆದಿಟ್ಟಿದ್ದಾನೆ. ಠಾಣೆಯವರೇ, ನಿಮ್ಮ ಮಸೂರದ ತುಂಡು ನನ್ನ ತಂಗಿಯ ಮಗಳಿಗೂ ಸಿಗಬಹುದಾ? ಅವಳೂ ಹತ್ತನೇ ಕ್ಲಾಸು, ಸೊಲ್ಲಾಪುರದಲ್ಲಿ.

ಠಾಣೆ_ಅಕ್ಕ

ಖಂಡಿತ ಕೊಡುತ್ತೇನೆ ಅಮ್ಮ. ಭಾನುವಾರ ಆ ಹುಡುಗನ ಅಮ್ಮನನ್ನು ಕೇಳಿಯಾದ ಮೇಲೆ. ಅಲ್ಲಿಯವರೆಗೆ ನಾಲ್ಕನೇದು ಬಿಟ್ಟು ಉಳಿದವನ್ನು ಕಳಿಸುತ್ತೇನೆ.